ಗಾಳಿ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು

ಆಷಾಢ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಹೊಲದ ಬದುವಿನಲ್ಲೋ ಬೆಟ್ಟದ ಮೇಲೋ ಕಡಲ ದಂಡೆಯಲ್ಲೋ ಹಿರಿಯರೊಬ್ಬರನ್ನು ಮಾತನಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿರುತ್ತಾರೆ. ಮನೆಗೆ ಬಂದು ಕೇಳಿದರೆ ಮಾತಿನ ಮೇಲೆಲ್ಲ ಬುರ್ರೆನ್ನುವ, ದಬದಬ ಬಡಿಯುವ ಗಾಳಿ. ‘ಇದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದೇ?’ ಎಂಬುದು ಪ್ರಶ್ನೆ. ಬಹುಪಾಲು ತೆಗೆಯಬಹುದು. ಆದರೆ ಗಾಳಿಯನ್ನು ಪೂರ್ತಿ ಓಡಿಸಲು ಹೊರಟವರು ಸಾಮಾನ್ಯವಾಗಿ ಮಾತನ್ನೂ ಅರ್ಧ ಕಳೆದುಕೊಂಡು ಬರುತ್ತಾರೆ. ಆದ್ದರಿಂದ ಇಂದು ತೆಗೆಯುವ ಬಗೆಯ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳುತ್ತೇನೆ.

‘ಅಲ್ಲಿ ನಿಂತಿದ್ದಾಗ ಗಾಳಿ ಅಷ್ಟೊಂದು ಕೇಳಿಸಲಿಲ್ಲವಲ್ಲ’ ಎಂದು ಬಹಳ ಜನ ಬರೆಯುತ್ತಾರೆ. ಅವರ ಅನುಮಾನ ಸರಿಯಾದದ್ದೇ. ರೆಕಾರ್ಡಿಂಗಿನಲ್ಲಿ ಕೇಳುವ ಆ ಮೊರೆತದ ಬಹುಭಾಗ ಬಯಲಿನಲ್ಲಿ ಇದ್ದ ಸದ್ದಲ್ಲ. ಮೈಕಿನ ಬಾಯಲ್ಲೇ ಹುಟ್ಟಿದ್ದು. ಹರಿಯುವ ಗಾಳಿ ಮೈಕಿಗೆ ಬಡಿದು ಸುಳಿಸುಳಿಯಾಗಿ ಒಡೆಯುತ್ತದೆ. ಪ್ರತಿ ಸುಳಿಯೂ ಒಳಗಿನ ತೆಳು ಪೊರೆಯನ್ನು ಒತ್ತಿ ಬಿಡುತ್ತದೆ. ಆ ಒತ್ತಡ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ, ಅಂದರೆ ಧೂಳೆಬ್ಬಿಸುವ ಸಾಧಾರಣ ಗಾಳಿ, ಎದುರಿಗಿರುವ ವಸ್ತುವಿನ ಮೇಲೆ ಸುಮಾರು 15 ಪಾಸ್ಕಲ್ ಒತ್ತಡ ಹಾಕುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಮಾತ್ರ ಏರಿಳಿಯುತ್ತಿದೆ ಎಂದಿಟ್ಟುಕೊಂಡರೂ 1.5 ಪಾಸ್ಕಲ್ ಆಯಿತು. ಒಂದು ಮೀಟರ್ ದೂರದಲ್ಲಿ ನಿಂತು ಸಹಜವಾಗಿ ಮಾತನಾಡುವವರ ಧ್ವನಿ ಮೈಕಿನ ಮೇಲೆ ಹಾಕುವ ಒತ್ತಡ ಸುಮಾರು 0.02 ಪಾಸ್ಕಲ್. ಮಾತಿಗಿಂತ ಗಾಳಿ 75 ಪಟ್ಟು! ಮೇಲಾಗಿ ಗಾಳಿಯ ವೇಗ ಎರಡರಷ್ಟಾದರೆ ಈ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ತಂಗಾಳಿಯಲ್ಲಿ ಸರಿಯಾಗಿದ್ದ ರೆಕಾರ್ಡಿಂಗು ಒಂದೇ ಒಂದು ಬೀಸಿಗೆ ಕೆಟ್ಟುಹೋಗುವುದು ಈ ಕಾರಣಕ್ಕೆ.

ಇಷ್ಟೊಂದು ವ್ಯತ್ಯಾಸವಿದ್ದರೂ ಮಾತನ್ನು ಉಳಿಸಿಕೊಳ್ಳಲು ಸಾಧ್ಯವಾಗುವುದು ಇಬ್ಬರ ಬಿಡಾರ ಬೇರೆಬೇರೆ ಕಡೆ ಇರುವುದರಿಂದ. ಗಾಳಿಯ ಸುಳಿಗಳು ನಿಧಾನದವು. ಅವುಗಳ ಶಕ್ತಿಯೆಲ್ಲ ಕೆಳಗಿನ ಆವರ್ತನಗಳಲ್ಲಿ, ಅಂದರೆ ಸೆಕೆಂಡಿಗೆ ಕೆಲವೇ ಕಂಪನಗಳಿಂದ ಹಿಡಿದು ನೂರು, ಇನ್ನೂರು ಹರ್ಟ್ಸ್‌ವರೆಗೆ ತುಂಬಿರುತ್ತದೆ. ಮೇಲೆ ಹೋದಂತೆ ಬೇಗ ತೆಳುವಾಗುತ್ತದೆ. ಜೋರು ಬೀಸು ಬಂದಾಗ ಮಾತ್ರ 400, 500 ಹರ್ಟ್ಸ್‌ವರೆಗೆ ಏರುತ್ತದೆ. ಮಾತು ಶುರುವಾಗುವುದೇ ಹೆಚ್ಚುಕಡಿಮೆ ನೂರರ ಮೇಲೆ. ಗಂಡಸರ ಗಂಟಲಿನ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್, ಹೆಂಗಸರದು 170ರಿಂದ 250. ಈ ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನಗಳಲ್ಲಿ ಅದರ ಹಾರ್ಮೋನಿಕ್‌ಗಳು ಸಾಲಾಗಿ ಇರುತ್ತವೆ. ಸ್ವರಗಳ ಗುರುತು ಹೆಚ್ಚಾಗಿ 300ರಿಂದ 3,000ದ ನಡುವೆ ಸಿಗುತ್ತದೆ. ಸ, ಶ, ಚ ಥರದ ವ್ಯಂಜನಗಳ ಸದ್ದು ಅದಕ್ಕೂ ಮೇಲೆ ಹೋಗುತ್ತದೆ. ಅಂದರೆ ಗಾಳಿ ಮತ್ತು ಮಾತು ನಿಜಕ್ಕೂ ಜಗಳವಾಡುವ ಜಾಗ 100ರಿಂದ 400 ಹರ್ಟ್ಸ್ ನಡುವಿನ ಒಂದು ಸಣ್ಣ ಪಟ್ಟಿ.

ಈ ಕೆಲಸಕ್ಕೆ ಎರಡು ಸಾಧನ ಬೇಕು. ಹೈಪಾಸ್ ಫಿಲ್ಟರ್ ಎಂದರೆ ಜರಡಿ. ನಾವು ಹೇಳಿದ ಆವರ್ತನದಿಂದ ಮೇಲಿನದನ್ನು ಉಳಿಸಿಕೊಂಡು ಕೆಳಗಿನದನ್ನು ಇಡೀ ರೆಕಾರ್ಡಿಂಗಿನ ಉದ್ದಕ್ಕೂ ಒಂದೇ ಅಳತೆಯಲ್ಲಿ ಉದುರಿಸುತ್ತದೆ. ಸ್ಪೆಕ್ಟ್ರಲ್ ರಿಪೇರ್ ಎಂದರೆ ಜರಡಿಗೆ ಸಿಗದೆ ಉಳಿದ ಕಲ್ಲುಗಳನ್ನು ಮೊರದಲ್ಲಿ ಹಾಕಿಕೊಂಡು ಒಂದೊಂದಾಗಿ ಆರಿಸುವುದು. ಅಕ್ಕಿಗಿಂತ ದೊಡ್ಡ ಕಣ್ಣಿನ ಜರಡಿ ಹಿಡಿದರೆ ಅಕ್ಕಿಯೂ ಹೋಗುತ್ತದೆ. ಜರಡಿಯನ್ನೇ ಹಿಡಿಯದೆ ಆರಿಸಲು ಕುಳಿತರೆ ದಿನವೆಲ್ಲ ಬೇಕು.

ಮೊದಲು ಜರಡಿಯ ಲೆಕ್ಕ. ಹೈಪಾಸ್ ಫಿಲ್ಟರಿಗೆ ಎರಡು ಸಂಖ್ಯೆ ಕೊಡಬೇಕು. ಒಂದು, ಎಲ್ಲಿಂದ ಕೆಳಗೆ ಕತ್ತರಿಸಬೇಕು ಎಂಬ ಆವರ್ತನ. ಇನ್ನೊಂದು, ಎಷ್ಟು ಕಡಿದಾಗಿ ಕತ್ತರಿಸಬೇಕು ಎಂಬ ಇಳಿಜಾರು. 100 ಹರ್ಟ್ಸ್, ಆಕ್ಟೇವಿಗೆ 24 ಡೆಸಿಬೆಲ್ ಎಂದು ಕೊಟ್ಟರೆ 100ರ ಅರ್ಧವಾದ 50 ಹರ್ಟ್ಸ್‌ನಲ್ಲಿರುವ ಗಾಳಿ 24 ಡೆಸಿಬೆಲ್ ಇಳಿಯುತ್ತದೆ, ಅಂದರೆ ಅಲೆಯ ಎತ್ತರ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಅದರ ಅರ್ಧವಾದ 25 ಹರ್ಟ್ಸ್‌ನಲ್ಲಿ 48 ಡೆಸಿಬೆಲ್. ಅಲ್ಲಿಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಅದೇ ಇಳಿಜಾರನ್ನು 6 ಡೆಸಿಬೆಲ್ ಎಂದು ಕೊಟ್ಟರೆ 50ರಲ್ಲಿ ಅಲೆ ಅರ್ಧದಷ್ಟು ಇಳಿಯುತ್ತದೆಯಷ್ಟೆ. ಮಾತಿಗಿಂತ ಹತ್ತಾರು ಪಟ್ಟು ಜೋರಾದ ಗಾಳಿಗೆ ಅದು ಸಾಲದು. ಹಾಗಾಗಿ ಗಾಳಿಯ ಮಟ್ಟಿಗೆ 24 ಒಳ್ಳೆಯ ಆರಂಭ.

ಆವರ್ತನವನ್ನು ಆರಿಸುವಲ್ಲಿ ಜನ ದುಡುಕುತ್ತಾರೆ. ಟೆಲಿಫೋನು ಬಹುಕಾಲ 300 ಹರ್ಟ್ಸ್‌ನಿಂದ ಕೆಳಗಿನದನ್ನು ಕಳಿಸುತ್ತಲೇ ಇರಲಿಲ್ಲ, ಆದರೂ ಅಪ್ಪನ ದನಿ ಅಪ್ಪನದೆಂದೇ ಗೊತ್ತಾಗುತ್ತಿತ್ತು. ಮೂಲ ಕಂಪನ ಇಲ್ಲದಿದ್ದರೂ ಮೇಲಿನ ಹಾರ್ಮೋನಿಕ್‌ಗಳ ನಡುವಿನ ಅಂತರದಿಂದ ನಮ್ಮ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಇದನ್ನು ತಿಳಿದವರು ‘ಹಾಗಾದರೆ 300ಕ್ಕೇ ಕತ್ತರಿಸಿಬಿಡೋಣ, ಗಾಳಿಯೂ ಹೋಗುತ್ತದೆ’ ಎನ್ನುತ್ತಾರೆ. ಕನ್ನಡಕ್ಕೆ ಇದು ಅಷ್ಟು ಒಳ್ಳೆಯ ಸಲಹೆಯಲ್ಲ. ಗ, ದ, ಬ ಎನ್ನುವಾಗ ನಾವು ಬಾಯಿ ಬಿಚ್ಚುವ ಮುಂಚೆಯೇ ಗಂಟಲು ಮಿಡಿಯಲು ಶುರುಮಾಡಿರುತ್ತದೆ. ಮುಚ್ಚಿದ ಬಾಯಿಯೊಳಗಿನ ಆ ಮಿಡಿತ 100ರಿಂದ 200 ಹರ್ಟ್ಸ್‌ನ ಸಣ್ಣ ಗುನುಗಾಗಿ ರೆಕಾರ್ಡಿಂಗಿನಲ್ಲಿ ಇರುತ್ತದೆ. ಕ, ತ, ಪಗಳಿಗೆ ಅದು ಇಲ್ಲ. ‘ಗುರಿ’ ಮತ್ತು ‘ಕುರಿ’ಯನ್ನು ಬೇರೆ ಮಾಡುವ ಸುಳಿವುಗಳಲ್ಲಿ ಇದೊಂದು ಮುಖ್ಯವಾದದ್ದು. ಬೇರೆ ಸುಳಿವುಗಳೂ ಇರುವುದರಿಂದ ಮಾತಿನ ಓಟದಲ್ಲಿ ಅರ್ಥ ದಕ್ಕುತ್ತದೆ. ಆದರೆ ಊರಿನ ಹೆಸರು, ಮನೆತನದ ಹೆಸರು, ಗಿಡದ ಹೆಸರು ಬಂದಾಗ ಸಂದರ್ಭ ನೆರವಿಗೆ ಬರುವುದಿಲ್ಲ. ಇ ಮತ್ತು ಉ ಸ್ವರಗಳ ಮೊದಲ ಗಟ್ಟಿ ಪಟ್ಟಿಯೂ 300 ಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ ಅವೂ ಸೊರಗುತ್ತವೆ.

ಹೀಗಾಗಿ ನಾನು ಪಾಲಿಸುವ ನಿಯಮ ಸರಳ. ಮಾತನಾಡುವವರ ಮೂಲ ಕಂಪನ ಎಷ್ಟೆಂದು ನೋಡು, ಅದಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸು. ಗಂಡಸರಿಗೆ 80ರಿಂದ 100, ಹೆಂಗಸರಿಗೆ 130ರಿಂದ 150. ಅದಕ್ಕೂ ಮೇಲೆ ಉಳಿದ ಗಾಳಿಯನ್ನು ಇನ್ನೊಂದು ಸಾಧನಕ್ಕೆ ಬಿಡು.

ಇದು ನಡೆಯುವ ಬಗೆಯನ್ನು ಒಂದು ನಿಜವಾದ ರೆಕಾರ್ಡಿಂಗಿನಲ್ಲಿ ನೋಡೋಣ. ಗದಗ ಜಿಲ್ಲೆಯ ಶಾಲಾ ಮಾಸ್ತರರೊಬ್ಬರು ಕಪ್ಪತಗುಡ್ಡದ ಮೇಲೆ ಹಿರಿಯ ನಾಟಿವೈದ್ಯರೊಬ್ಬರನ್ನು ಮಾತನಾಡಿಸಿದ್ದರು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ ಅದು; ಗಾಳಿಗೂ ಅಷ್ಟೇ ಹೆಸರು, ಸಾಲುಸಾಲು ಗಾಳಿಯಂತ್ರಗಳು ನಿಂತಿವೆ. ‘ಸರ್, ಅಜ್ಜಾರ ಮಾತು ಬೇಕ್ರಿ, ಗಾಳಿ ಬ್ಯಾಡ್ರಿ. ಏನರ ಮಾಡಾಕ ಬರತೈತೇನ್ರಿ?’ ಎಂದು ಫೈಲು ಕಳಿಸಿದರು. ನಾಲ್ಕು ನಿಮಿಷದ ಮಾತು. ಅವರ ಬಳಿ ಇದ್ದದ್ದು ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್. ಅದರಲ್ಲೇ ಆಗುವಷ್ಟು ಮಾಡೋಣವೆಂದು ಒಪ್ಪಿಕೊಂಡೆವು.

ಫಿಲ್ಟರ್ ಹಾಕುವ ಮುಂಚೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ: ಅಲೆಯ ತಲೆ ಕತ್ತರಿಸಿಹೋಗಿದೆಯೇ ಎಂದು ನೋಡುವುದು. ಗಾಳಿಯ ಒತ್ತಡ ಮೈಕೋ ಯಂತ್ರವೋ ತಾಳುವ ಮಿತಿಯನ್ನು ಮೀರಿದರೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಆಡಾಸಿಟಿಯ View ಮೆನುವಿನಲ್ಲಿ ಕ್ಲಿಪಿಂಗ್ ತೋರಿಸುವ ಆಯ್ಕೆಯನ್ನು ಒತ್ತಿದರೆ ಅಂಥ ಜಾಗಗಳಲ್ಲಿ ಕೆಂಪು ಗೆರೆ ಬೀಳುತ್ತದೆ. ಗಾಳಿಯ ಕ್ಲಿಪಿಂಗ್ ಬೇರೆಯದಕ್ಕಿಂತ ಕೆಟ್ಟದ್ದು, ಯಾಕೆಂದರೆ ಗಾಳಿಯ ಅಲೆ ನಿಧಾನದ್ದು. 20 ಹರ್ಟ್ಸ್‌ನ ಒಂದು ಅಲೆಗೆ 50 ಮಿಲಿಸೆಕೆಂಡ್ ಬೇಕು. ಅದರ ತಲೆ ಮಿತಿಗೆ ತಗುಲಿದರೆ ಒಂದೊಂದು ಸಲ ಹತ್ತು, ಹದಿನೈದು ಮಿಲಿಸೆಕೆಂಡ್ ಅಲ್ಲೇ ಅಂಟಿಕೊಂಡಿರುತ್ತದೆ. ಅಜ್ಜನ ದನಿಯ ಒಂದು ಕಂಪನಕ್ಕೆ ಬೇಕಾದದ್ದು ಸುಮಾರು 8 ಮಿಲಿಸೆಕೆಂಡ್. ದೊಡ್ಡ ಅಲೆಯ ಬೆನ್ನೇರಿ ಬರುತ್ತಿದ್ದ ಮಾತು ಅಷ್ಟು ಹೊತ್ತು ದಾಖಲಾಗಿಯೇ ಇಲ್ಲ. ಇಲ್ಲದ್ದನ್ನು ಯಾವ ಫಿಲ್ಟರೂ ತಂದುಕೊಡಲಾರದು. ಕ್ಲಿಪಿಂಗ್ ಸರಿಪಡಿಸುವ ಸಾಧನಗಳಿವೆ. ಅವು ಚಪ್ಪಟೆ ತಲೆಗೆ ಊಹೆಯ ಗುಮ್ಮಟ ಕಟ್ಟುತ್ತವೆ. ಕ್ಷಣಮಾತ್ರದ ಕ್ಲಿಪಿಂಗಿಗೆ ಅದು ಆದೀತು, ಇಷ್ಟು ಉದ್ದಕ್ಕಲ್ಲ.

ಈ ಪರೀಕ್ಷೆಯನ್ನು ಮೊದಲೇ ಮಾಡಬೇಕು ಎನ್ನುವುದಕ್ಕೆ ಕಾರಣವಿದೆ. ಹೈಪಾಸ್ ಹಾಕಿದ ಮೇಲೆ ಆ ಚಪ್ಪಟೆ ತಲೆಗಳು ಓರೆಯಾಗಿ, ಗುಂಡಾಗಿ ಬಿಡುತ್ತವೆ. ಕಣ್ಣಿಗೆ ಅಲೆ ಆರೋಗ್ಯವಾಗಿ ಕಾಣುತ್ತದೆ, ಕಿವಿಗೆ ಮಾತ್ರ ಚಟಪಟ ಸದ್ದು ಉಳಿದಿರುತ್ತದೆ. ಆಮೇಲೆ ಅದರ ಮೂಲ ಹುಡುಕುವುದು ಕಷ್ಟ. ಕೆಲವು ಫೋನುಗಳಲ್ಲಿ ಸದ್ದು ಫೈಲಿಗೆ ಬರುವ ಮೊದಲೇ ಮೈಕಿನ ಹಂತದಲ್ಲಿ ಒಡೆದಿರುವುದೂ ಉಂಟು. ಆಗ ಕೆಂಪು ಗೆರೆ ಬೀಳುವುದಿಲ್ಲ. ಸ್ಪೆಕ್ಟ್ರೋಗ್ರಾಮಿನಲ್ಲಿ ಬೀಸಿನ ಜಾಗದಲ್ಲಿ ಕೆಳಗಿನಿಂದ ತುದಿಯವರೆಗೆ ನೆಟ್ಟಗೆ ಎದ್ದ ಗೆರೆಗಳು ಕಂಡರೆ ಅದೇ ಕಾಯಿಲೆ ಎಂದು ತಿಳಿಯಬೇಕು. ಬರೀ ಗಾಳಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಅಜ್ಜನ ಫೈಲಿನಲ್ಲಿ ಕೊನೆಯ ನಿಮಿಷದಲ್ಲಿ ಒಂದೇ ಒಂದು ಕಡೆ ಹಾಗೆ ಆಗಿತ್ತು. ಅದನ್ನು ಗುರುತು ಹಾಕಿಕೊಂಡು ಮುಂದೆ ಹೋದೆ.

ಸ್ಪೆಕ್ಟ್ರೋಗ್ರಾಮ್ ಎಂದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಹೊಳಪಿನಲ್ಲಿ ಜೋರು, ಹೀಗೆ ಸದ್ದನ್ನು ಚಿತ್ರವಾಗಿ ತೋರಿಸುವ ನೋಟ ಅದು. ಆಡಾಸಿಟಿಯಲ್ಲಿ ಟ್ರ್ಯಾಕಿನ ಹೆಸರಿನ ಪಕ್ಕದ ಮೆನುವಿನಲ್ಲಿ Spectrogram ಎಂದು ಆರಿಸಿದರೆ ಬರುತ್ತದೆ. ಮೊದಲ ನೋಟಕ್ಕೆ ಅದರಲ್ಲಿ ಏನೂ ಬಿಡಿಸಿ ಕಾಣದಿದ್ದರೆ ತಪ್ಪು ನಿಮ್ಮ ಕಣ್ಣಿನದಲ್ಲ, ಅಳತೆಯದು. ನಮಗೆ ಬೇಕಾದದ್ದು ಕೆಳಗಿನ ಪಟ್ಟಿ. ಆದ್ದರಿಂದ ಸೆಟ್ಟಿಂಗಿನಲ್ಲಿ ಮೇಲಿನ ಮಿತಿಯನ್ನು 2,000 ಹರ್ಟ್ಸ್‌ಗೆ ಇಳಿಸಿ, Window size ಅನ್ನು 4096ಕ್ಕೆ ಏರಿಸಿ. ಮಾಮೂಲಿ 44,100 ಹರ್ಟ್ಸ್ ರೆಕಾರ್ಡಿಂಗಿನಲ್ಲಿ ಆಗ ಚಿತ್ರ ಸುಮಾರು 11 ಹರ್ಟ್ಸ್ ಅಂತರದ ವಿವರವನ್ನೂ ಬಿಡಿಸಿ ತೋರಿಸುತ್ತದೆ. ಗಂಟಲಿನ ಹಾರ್ಮೋನಿಕ್‌ಗಳು ಸಮಾನ ಅಂತರದ ಅಡ್ಡ ಗೆರೆಗಳಾಗಿ, ಮಾತಿನ ರಾಗಕ್ಕೆ ತಕ್ಕಂತೆ ಏರಿಳಿಯುತ್ತ ಕಾಣುತ್ತವೆ. ಗಾಳಿಗೆ ಗೆರೆಗಳಿಲ್ಲ, ಅದು ತಳದಲ್ಲಿ ಹರಡಿದ ಹೊಳಪು, ಬೀಸು ಬಂದಲ್ಲಿ ದಿಬ್ಬವಾಗಿ ಮೇಲೇಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಇಷ್ಟು ಉದ್ದದ ಕಿಟಕಿಯಲ್ಲಿ ಕಾಲದ ಅಂಚು ಮಸುಕಾಗುತ್ತದೆ. ವ್ಯಂಜನ ಸರಿಯಾಗಿ ಎಲ್ಲಿ ಶುರುವಾಯಿತೆಂದು ತಿಳಿಯಲು 1024ಕ್ಕೆ ಇಳಿಸಿ ನೋಡಬೇಕು. ನಾನು ಎರಡರ ನಡುವೆ ಹೋಗಿಬರುತ್ತಲೇ ಇರುತ್ತೇನೆ.

ಗಾಳಿ ಕಡಿಮೆ ಇದ್ದ ಜಾಗದಲ್ಲಿ ನೋಡಿದಾಗ ಅಜ್ಜನ ದನಿಯ ಮೊದಲ ಗೆರೆ 115ರಿಂದ 130 ಹರ್ಟ್ಸ್ ನಡುವೆ ಓಡಾಡುತ್ತಿತ್ತು. ಹಾಗಾಗಿ High-Pass Filter ತೆರೆದು Frequency 90, Roll-off 24 ಎಂದು ಕೊಟ್ಟೆ. ಈ ಅಳತೆಯಲ್ಲಿ 115ರ ಗೆರೆ ಅರ್ಧ ಡೆಸಿಬೆಲ್ಲಿನಷ್ಟು ಮಾತ್ರ ಇಳಿಯುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. 45 ಹರ್ಟ್ಸ್‌ನ ಗಾಳಿಗೆ 24 ಡೆಸಿಬೆಲ್, 30 ಹರ್ಟ್ಸ್‌ನದಕ್ಕೆ 38 ಡೆಸಿಬೆಲ್ ಹೊಡೆತ ಬೀಳುತ್ತದೆ. ಒಂದೇ ಏಟಿಗೆ ಫೈಲು ಕೇಳುವಂತಾಯಿತು. ಗಾಳಿಯ ಬೃಹತ್ ಅಲೆಗಳೇ ತುಂಬಿಕೊಂಡಿದ್ದ ಜಾಗ ಖಾಲಿಯಾದ್ದರಿಂದ ಅಜ್ಜನ ದನಿಯನ್ನು ಧಾರಾಳವಾಗಿ ಏರಿಸಲು ಎಡೆ ಸಿಕ್ಕಿತು. ಜೋರು ಮಾಡುವ, ಸಮ ಮಾಡುವ ಕೆಲಸವನ್ನು ಯಾವಾಗಲೂ ಫಿಲ್ಟರಿನ ನಂತರವೇ ಇಟ್ಟುಕೊಳ್ಳಬೇಕು. ಮೊದಲೇ ಮಾಡಿದರೆ ಯಂತ್ರ ಗಾಳಿಯನ್ನು ನೋಡಿ ಅಳತೆ ನಿರ್ಧರಿಸುತ್ತದೆ, ಪ್ರತಿ ಬೀಸಿಗೂ ಮಾತು ಕುಗ್ಗಿ ಏಳುತ್ತದೆ.

ಅಷ್ಟಾದರೂ ಕೆಲವು ಬೀಸುಗಳು ಉಳಿದವು. ಅವುಗಳಲ್ಲಿ ಒಂದು ಬಿದ್ದಿದ್ದು ತೀರಾ ಬೇಕಾದ ಮಾತಿನ ಮೇಲೆ. ಒಂದು ಬೇರಿನ ವಿಷಯ ಹೇಳುತ್ತ ಅಜ್ಜ, ‘ತೇದು ಹಚ್ಚಬೇಕು, ಕುಡ್ಯಾಕ ಕೊಡಬಾರ್ದು’ ಎನ್ನುತ್ತಾರೆ. ‘ಹಚ್ಚಬೇಕು’ ಎನ್ನುವಲ್ಲಿ ಸುಮಾರು ಒಂದೂವರೆ ಸೆಕೆಂಡಿನ ಬೀಸು, 400 ಹರ್ಟ್ಸ್‌ವರೆಗೆ ಎದ್ದ ದಿಬ್ಬ. ಫಿಲ್ಟರನ್ನು 400ಕ್ಕೆ ಏರಿಸಿದರೆ ದಿಬ್ಬ ಹೋಗುತ್ತದೆ, ನಾಲ್ಕು ನಿಮಿಷದ ಮಾತೆಲ್ಲ ತಗಡಿನ ದನಿಯಾಗುತ್ತದೆ. ಒಂದೂವರೆ ಸೆಕೆಂಡಿನ ರೋಗಕ್ಕೆ ಇಡೀ ಮೈಗೆ ಬರೆ ಹಾಕುವುದೇಕೆ? ಆ ಜಾಗಕ್ಕೆ ಮಾತ್ರ ಕೈಹಾಕುವುದೇ ಸ್ಪೆಕ್ಟ್ರಲ್ ರಿಪೇರ್. ಚಿತ್ರದ ಮೇಲೆ ಇಷ್ಟು ಕಾಲದಿಂದ ಇಷ್ಟು ಕಾಲದವರೆಗೆ, ಇಷ್ಟು ಹರ್ಟ್ಸ್‌ನಿಂದ ಇಷ್ಟರವರೆಗೆ ಎಂದು ಒಂದು ಚೌಕ ಎಳೆದು ಅದರೊಳಗಿನದನ್ನು ಮಾತ್ರ ತಗ್ಗಿಸುವುದು. ಐಜೋಟೋಪ್ ಆರ್‌ಎಕ್ಸ್‌ನಂಥ ದುಬಾರಿ ಸಾಫ್ಟ್‌ವೇರ್‌ಗಳಲ್ಲಿ ಚೌಕದ ಆಚೀಚೆ ಇರುವ ಸದ್ದನ್ನು ನೋಡಿ ಎಷ್ಟು ತಗ್ಗಿಸಬೇಕೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಆಡಾಸಿಟಿಯಲ್ಲಿ ಚೌಕ ಎಳೆದು, Spectral edit parametric EQ ಆರಿಸಿ, ಎಷ್ಟು ಡೆಸಿಬೆಲ್ ಎಂಬುದನ್ನು ನಾವೇ ಕೊಡಬೇಕು. ಕೆಲಸ ನಿಧಾನ, ಆದರೆ ಏನು ಮಾಡುತ್ತಿದ್ದೇವೆ ಎಂಬುದು ನಮಗೆ ಗೊತ್ತಿರುತ್ತದೆ.

ಇಡೀ ಒಂದೂವರೆ ಸೆಕೆಂಡಿಗೆ ಒಂದೇ ಚೌಕ ಎಳೆದರೆ ಅಜ್ಜನ ಮೊದಲ ಮೂರು ಹಾರ್ಮೋನಿಕ್‌ಗಳೂ ಗಾಳಿಯ ಜೊತೆಗೆ ಹೋಗುತ್ತವೆ. ಅದಕ್ಕೇ ಮಾತಿನ ಅಕ್ಷರಗಳನ್ನು ನೋಡಿ ಚೌಕವನ್ನು ಒಡೆದುಕೊಂಡೆ. ‘ಹಚ್ಚಬೇಕು’ವಿಗೆ ಮುಂಚೆ ಅಜ್ಜ ಉಸಿರು ತೆಗೆದುಕೊಂಡ ತೆರಪಿನಲ್ಲಿ ಮಾತೇ ಇಲ್ಲ, ಅಲ್ಲಿ 90ರಿಂದ 400ರವರೆಗೆ 15 ಡೆಸಿಬೆಲ್ ತಗ್ಗಿಸಿದೆ. ‘ಹ’ದಲ್ಲಿರುವ ಅ ಸ್ವರದ ಮುಖ್ಯ ಪಟ್ಟಿ 600, 700 ಹರ್ಟ್ಸ್ ಸುತ್ತ ಇರುವುದರಿಂದ ಕೆಳಭಾಗವನ್ನು 10 ಡೆಸಿಬೆಲ್ ತಗ್ಗಿಸಿದರೂ ಅ ಅಳಿಯುವುದಿಲ್ಲ. ‘ಚ್ಚ’ ಒತ್ತಕ್ಷರದಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವಷ್ಟು ಹೊತ್ತು ಗಂಟಲು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ 400ರಿಂದ ಕೆಳಗೆ ಇರುವುದೆಲ್ಲ ಗಾಳಿಯೇ, ಮುಲಾಜಿಲ್ಲದೆ ಕತ್ತರಿಸಬಹುದು. ಅದಾದ ಮೇಲೆ ಚಕಾರದ ಸಿಡಿತ ಎರಡು ಸಾವಿರ ಹರ್ಟ್ಸ್‌ನ ಮೇಲೆ ಗಾಳಿಗೆ ಎಟುಕದಂತೆ ಸ್ಪಷ್ಟವಾಗಿಯೇ ಇತ್ತು. ನಾಜೂಕಿನ ಜಾಗವೆಂದರೆ ‘ಬೇಕು’. ಬಕಾರದ ಗುನುಗು, ಉಕಾರದ ಪಟ್ಟಿ ಎರಡೂ ಗಾಳಿಯ ನಡುವೆಯೇ ಸಿಕ್ಕಿಕೊಂಡಿವೆ. ಅಲ್ಲಿ 6 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಲಿಲ್ಲ. ಸ್ವಲ್ಪ ಗಾಳಿ ಉಳಿಯಿತು. ಆದರೆ ‘ಹಚ್ಚಬೇಕು’ ಎನ್ನುವುದು ಸಂಶಯವಿಲ್ಲದೆ ಕೇಳಿಸಿತು.

ಚೌಕದ ಅಂಚುಗಳು ಗಕ್ಕನೆ ನಿಂತರೆ ಅಲ್ಲೊಂದು ಟಿಕ್ ಸದ್ದು ಬರಬಹುದು. ಅಕ್ಷರದ ನಟ್ಟನಡುವೆ ಅಂಚನ್ನು ಇಡದೆ ತೆರಪಿನಲ್ಲೋ ಒತ್ತಕ್ಷರದ ಮೌನದಲ್ಲೋ ಇಟ್ಟರೆ ಅದು ಕೇಳಿಸುವುದಿಲ್ಲ. ಒಂದೇ ಸಲ 15 ಡೆಸಿಬೆಲ್ ಇಳಿಸುವ ಬದಲು ಸ್ವಲ್ಪ ಇಳಿಸಿ, ಕೇಳಿ, ಮತ್ತೆ ಇಳಿಸುವುದು ಕ್ಷೇಮ.

ದುಬಾರಿ ಸಾಫ್ಟ್‌ವೇರ್‌ಗಳಲ್ಲಿ ತಗ್ಗಿಸುವುದರ ಜೊತೆಗೆ Replace ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಚೌಕದೊಳಗಿನದನ್ನು ಪೂರ್ತಿ ತೆಗೆದುಹಾಕಿ ಅಕ್ಕಪಕ್ಕದ ಸದ್ದಿನಿಂದ ಹೊಸದಾಗಿ ನೇಯ್ದು ತುಂಬುವ ವಿಧಾನ ಅದು. ಎಳೆದ ಸ್ವರದ ನಡುವೆ ಹತ್ತಾರು ಮಿಲಿಸೆಕೆಂಡಿನ ಬಿರುಕಿದ್ದರೆ ಅದ್ಭುತವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಸ್ವರ ಅಷ್ಟರಲ್ಲಿ ಹೆಚ್ಚು ಬದಲಾಗಿರುವುದಿಲ್ಲ. ಒಂದು ಅಕ್ಷರದಷ್ಟು ಉದ್ದಕ್ಕೆ ಬಳಸಿದರೆ ಅಲ್ಲಿ ಕೇಳಿಸುವುದು ಮಾತನಾಡಿದವರ ಮಾತಲ್ಲ, ಯಂತ್ರ ಹೊಲಿದ ತೇಪೆ. ನಾಟಕಕ್ಕೋ ಜಾಹೀರಾತಿಗೋ ಆದರೆ ನನ್ನ ತಕರಾರಿಲ್ಲ. ಸಂದರ್ಶನ, ಜಾನಪದ ದಾಖಲೆ, ಸಾಕ್ಷ್ಯ ಇಂಥವುಗಳಲ್ಲಿ ಅದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಇದ್ದದ್ದನ್ನು ತಗ್ಗಿಸುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ.

ಅತಿಯಾಯಿತೇ ಎಂದು ತಿಳಿಯಲು ನಂಬಬಹುದಾದ ಪರೀಕ್ಷೆ ಒಂದಿದೆ: ತೆಗೆದದ್ದನ್ನೇ ಕೇಳುವುದು. ಹೈಪಾಸ್ ಆದ ಮೇಲಿನ ಪ್ರತಿಯನ್ನು ಒಂದು ಟ್ರ್ಯಾಕಿನಲ್ಲಿ, ರಿಪೇರಿ ಆದ ಮೇಲಿನದನ್ನು ಇನ್ನೊಂದರಲ್ಲಿ ಇಟ್ಟು, ಒಂದಕ್ಕೆ Invert ಮಾಡಿ ಎರಡನ್ನೂ ಒಟ್ಟಿಗೆ ನುಡಿಸಿ. ಎರಡರಲ್ಲೂ ಒಂದೇ ಆಗಿರುವುದು ಒಂದನ್ನೊಂದು ಅಳಿಸಿಕೊಂಡು, ನೀವು ಕಿತ್ತುಹಾಕಿದ್ದು ಮಾತ್ರ ಕೇಳುತ್ತದೆ. ಅದರಲ್ಲಿ ಬರೀ ಗಾಳಿ ಇದ್ದರೆ ಸರಿ. ಮಾತಿನ ಏರಿಳಿತ ಗುರುತು ಸಿಗುವಷ್ಟು ಕೇಳಿದರೆ ಚೌಕ ಅಕ್ಷರವನ್ನು ತಿಂದಿದೆ ಎಂದರ್ಥ, ಹಿಂದಕ್ಕೆ ಹೋಗಿ. ಈ ಪರೀಕ್ಷೆಯನ್ನು ರಿಪೇರಿಯ ಹಂತಕ್ಕೆ ಮಾತ್ರ ಬಳಸಬೇಕು. ಹೈಪಾಸ್ ಫಿಲ್ಟರು ತಾನು ಉಳಿಸಿದ ಸದ್ದಿನ ಕಾಲವನ್ನೂ ಕೊಂಚ ಹಿಂದುಮುಂದು ಮಾಡುವುದರಿಂದ ಅಲ್ಲಿ ಇದೇ ಪರೀಕ್ಷೆ ಮಾಡಿದರೆ ಏನೂ ಕಳೆಯದಿದ್ದರೂ ಮಾತು ಕೇಳಿಸಿ ಗಾಬರಿಪಡಿಸುತ್ತದೆ.

ಇನ್ನೊಂದು ಪರೀಕ್ಷೆ ಬೇರೆಯವರ ಕಿವಿ. ಮತ್ತೆ ಮತ್ತೆ ಕೇಳಿದ ನಮಗೆ ಆ ಮಾತು ಬಾಯಿಪಾಠವಾಗಿರುತ್ತದೆ. ಗಾಳಿಯಲ್ಲಿ ಇಲ್ಲದ ಅಕ್ಷರವೂ ಕೇಳುತ್ತದೆ. ಮೊದಲು ಕೇಳದವರಿಗೆ ಕೇಳಿಸಿ, ಕೇಳಿದ್ದನ್ನು ಬರೆದುಕೊಡಿ ಎನ್ನಿ. ಹೆಡ್‌ಫೋನಿನಲ್ಲೇ ಕೇಳಿಸಿ, ಫೋನಿನ ಸ್ಪೀಕರಿನಲ್ಲಲ್ಲ. ಆ ಪುಟ್ಟ ಸ್ಪೀಕರು ಕೆಳಗಿನ ಆವರ್ತನಗಳನ್ನು ನುಡಿಸುವುದೇ ಇಲ್ಲ, ಹಾಗಾಗಿ ಅಲ್ಲಿ ಎಲ್ಲವೂ ಶುಭ್ರವಾಗಿ ಕೇಳಿ ಮೋಸಮಾಡುತ್ತದೆ.

ತೆರಪುಗಳಲ್ಲಿ ಗಾಳಿಯನ್ನು ಪೂರ್ತಿ ಅಳಿಸಲಿಲ್ಲವೇಕೆ ಎಂದು ಮಾಸ್ತರರು ಕೇಳಿದರು. ಮಾತಿನ ಜೊತೆಗೆ ಗಾಳಿ, ಮಾತು ನಿಂತ ಕೂಡಲೇ ಗಾಢ ಮೌನ, ಮತ್ತೆ ಮಾತಿನೊಡನೆ ಗಾಳಿ. ಹೀಗಾದರೆ ಕೇಳುವವರ ಗಮನವೆಲ್ಲ ಆ ಏರಿಳಿತದ ಮೇಲೆಯೇ ಹೋಗುತ್ತದೆ. ಸಮನಾಗಿ ಹಿಂದೆ ಹರಿಯುವ ತೆಳು ಗಾಳಿಯನ್ನು ಕಿವಿ ಬೇಗ ಮರೆಯುತ್ತದೆ. ಗುಡ್ಡದ ಮೇಲೆ ಆಡಿದ ಮಾತಿಗೆ ಗುಡ್ಡದ ಗಾಳಿ ಕೊಂಚ ಇರಲಿ.

ಮುಂದಿನ ಸಲಕ್ಕೆ ಅವರಿಗೆ ಹೇಳಿದ್ದು ಇಷ್ಟೆ. ಮೈಕಿಗೆ ತುಪ್ಪಳದ ಕವಚ ಹಾಕಿ. ಬರೀ ಸ್ಪಂಜಿನ ಟೋಪಿ ಗುಡ್ಡದ ಗಾಳಿಗೆ ಸಾಲದು. ಕವಚದ ಹೊರಮೈಯಲ್ಲೇ ಸುಳಿಗಳು ಒಡೆದು ಗಾಳಿ ನಿಧಾನವಾಗಿ ಒಳಗೆ ಹೋಗುತ್ತದೆ. ಗಾಳಿಗೆ ಬೆನ್ನು ಕೊಟ್ಟು, ಇಬ್ಬರ ಮೈಯ ಮರೆಯಲ್ಲಿ ಮೈಕನ್ನು ಬಾಯಿಯ ಹತ್ತಿರ ಹಿಡಿಯಿರಿ. ದೂರ ಅರ್ಧವಾದರೆ ಮಾತು ಎರಡರಷ್ಟು ಜೋರಾಗುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ.

ಗುರುತು ಹಾಕಿಕೊಂಡಿದ್ದ ಆ ಕ್ಲಿಪಿಂಗ್ ಜಾಗ ಉಳಿಯಿತು. ಅಲ್ಲಿ ಅಜ್ಜ ಒಂದು ಗಿಡದ ಹೆಸರು ಹೇಳುತ್ತಾರೆ. ಮೊದಲ ಅಕ್ಷರ ಗಾಳಿಯ ಹೊಡೆತದಲ್ಲಿ ಪೂರ್ತಿ ಹೋಗಿದೆ, ಕೇಳುವುದು ಬರೀ ‘ಕ್ಕಿ’. ಆ ಸೀಮೆಯ ಮಾತಿನಲ್ಲಿ ಅದು ಎಕ್ಕಿ ಆಗಬಹುದು, ಕಕ್ಕಿ ಆಗಬಹುದು, ಲಕ್ಕಿಯೂ ಆಗಬಹುದು. ಮೂರೂ ಮದ್ದಿನ ಗಿಡಗಳೇ. ಎಕ್ಕಿಯ ಹಾಲು ಮಾತ್ರ ವಿಷ. ಸಂದರ್ಭ ನೋಡಿದರೆ ಲಕ್ಕಿ ಇರಬೇಕು ಎಂದು ಮಾಸ್ತರರಿಗೆ ಅನ್ನಿಸಿತ್ತು, ನನಗೂ ಹಾಗೇ ಅನ್ನಿಸಿತು. ಆದರೂ ಬರಹದ ಪ್ರತಿಯಲ್ಲಿ ಅಲ್ಲಿ ಖಾಲಿ ಜಾಗ ಬಿಟ್ಟು, ನಿಮಿಷ ಸೆಕೆಂಡು ನಮೂದಿಸಿ, ‘ಕೇಳಿಸುತ್ತಿಲ್ಲ’ ಎಂದು ಬರೆಯಿರಿ, ಮೂಲ ಫೈಲನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳಿ ಎಂದೆ. ಆ ಹೆಸರನ್ನು ಕೊಡಬಲ್ಲವರು ಅಜ್ಜ ಒಬ್ಬರೇ. ಮಾಸ್ತರರು ಮತ್ತೆ ಗುಡ್ಡದ ಕಡೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು.